ನೆನೆದ ಈರುಳ್ಳಿಗೆ ಟಾರ್ಪಾಲು

ಅಜ್ಜಂಪುರದ ಆಸುಪಾಸಿನ ಒಂದು ಶಾಲೆ. ಹೆಸರು ಬೇಡ. ಹೇಳಿದರೆ ಉಳಿದ ಶಾಲೆಗಳೆಲ್ಲ ‘ಸದ್ಯ, ನಮ್ಮದಲ್ಲ’ ಅಂತ ನೆಮ್ಮದಿಯಾಗಿ ಮಲಗಿಬಿಡುತ್ತವೆ.

ಮೂರನೇ ತರಗತಿಯ ಹುಡುಗಿಯೊಬ್ಬಳ ನೋಟ್‌ಬುಕ್ ತೆಗೆದು ನೋಡಿದೆ. ಮುತ್ತು ಪೋಣಿಸಿದಂಥ ಅಕ್ಷರ. ಪುಣ್ಯಕೋಟಿಯ ಪಾಠ. ಐದು ಪ್ರಶ್ನೆ, ಐದು ಉತ್ತರ. ಒಂದು ಒತ್ತು ತಪ್ಪಿಲ್ಲ, ಒಂದು ದೀರ್ಘ ಬಿಟ್ಟಿಲ್ಲ. ಕೆಂಪು ಶಾಯಿಯಲ್ಲಿ ‘ಗುಡ್’. ಪಕ್ಕದಲ್ಲಿ ಒಂದು ನಕ್ಷತ್ರ.

ಪುಸ್ತಕ ಮುಚ್ಚಿಟ್ಟು ಕೇಳಿದೆ: ‘ಹುಲಿ ಕೈಗೆ ಸಿಕ್ಕಿದ್ದ ಹಸೂನ ಮನೆಗೆ ಯಾಕವ್ವ ಬಿಟ್ಟು ಕಳಿಸ್ತು?’

ಹುಡುಗಿ ಮುಚ್ಚಿದ ಪುಸ್ತಕ ನೋಡಿದಳು. ನನ್ನನ್ನು ನೋಡಿದಳು. ಬಹಳ ವಿನಯದಿಂದ ಹೇಳಿದಳು: ‘ಸಾರ್, ಅದು ನೋಟ್ಸಲ್ಲಿಲ್ಲ.’

ಅವಳದೇನೂ ತಪ್ಪಿಲ್ಲ. ನಾವು ಕಲಿಸಿದ್ದನ್ನು ಚಾಚೂ ತಪ್ಪದೆ ಕಲಿತಿದ್ದಾಳೆ.

ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗ ತಡೆಯಲಾರದೆ ಕೂಗಿದ: ‘ವಾಪಸ್ ಬತ್ತೀನಿ ಅಂತ ಮಾತ್ ಕೊಡ್ತಲ್ಲ ಸಾ!’ ಅವನ ನೋಟ್‌ಬುಕ್ಕನ್ನೂ ನೋಡಿದೆ. ರಣರಂಗ. ‘ಹುಲಿ’ಗೆ ಕೊಂಬಿಲ್ಲ, ‘ಪುಣ್ಯ’ಕ್ಕೆ ಒತ್ತಿಲ್ಲ. ಎರಡನೇ ಉತ್ತರಕ್ಕೇ ಪೆನ್ಸಿಲ್ ಕೆಳಗಿಟ್ಟಿದ್ದಾನೆ. ಅಂಕ ಹತ್ತಕ್ಕೆ ಎರಡು. ಕೆಂಪು ಶಾಯಿಯಲ್ಲೇ ಷರಾ: ‘ಪಾಠ ಅರ್ಥವಾಗಿಲ್ಲ.’

ಅರ್ಥ ಆಗದಿದ್ದದ್ದು ಯಾರಿಗೆ?

ನಾನೂ ಮೂವತ್ತು ವರ್ಷ ಸೀಮೆಸುಣ್ಣದ ಪುಡಿ ತಿಂದವನು. ಇಂಥ ಷರಾ ನಾನೂ ಬರೆದಿದ್ದೇನೆ. ಬೋರ್ಡಿನ ಮೇಲೆ ಉತ್ತರ ಬರೆದು, ಮಕ್ಕಳಿಂದ ನಕಲು ಮಾಡಿಸಿ, ನನ್ನದೇ ಉತ್ತರಕ್ಕೆ ನಾನೇ ‘ಗುಡ್’ ಹಾಕಿಕೊಂಡಿದ್ದೇನೆ. ಹೀಗೆ ಸಾವಿರಾರು ಸಲ ನನ್ನ ಬೆನ್ನು ನಾನೇ ತಟ್ಟಿಕೊಂಡು ನಿವೃತ್ತನಾದೆ.

ಇನ್ನು ಊರಿನ ದೊಡ್ಡವರನ್ನು ನೋಡಿ. ಈರುಳ್ಳಿ ವ್ಯಾಪಾರ ಬಾಯಲ್ಲೇ ಕುದುರುತ್ತದೆ. ರಾತ್ರಿ ನೋಡಿದ ನಾಟಕ ಬೆಳಿಗ್ಗೆ ಅರಳಿಕಟ್ಟೆಯ ಮೇಲೆ ಇನ್ನೊಮ್ಮೆ ನಡೆಯುತ್ತದೆ. ಪಂಚಾಯಿತಿ ಸಭೆಯಲ್ಲಿ ಏನಾಯಿತು ಅಂತ ತಿಳಿಯಲು ಯಾರೂ ನಡಾವಳಿ ಪುಸ್ತಕ ತೆಗೆಯುವುದಿಲ್ಲ, ಹೋಗಿದ್ದವರನ್ನು ಕೇಳುತ್ತಾರೆ. ಕೇಳಿದವನಿಗೆ ತಿಳಿದಿದೆಯೋ ಇಲ್ಲವೋ ಅಂತ ಎರಡೇ ಮಾತಿನಲ್ಲಿ ಪತ್ತೆ ಹಚ್ಚುತ್ತಾರೆ. ಆದರೆ ಎಂಟು ವರ್ಷದ ಮಗು ಮಾತ್ರ ತನಗೆ ತಿಳಿದದ್ದನ್ನು ಬರೆದೇ ಸಾಬೀತು ಮಾಡಬೇಕು. ಅದೂ ಎರಡು ಗೆರೆಯ ನಡುವೆ.

ಬರೆಯುವುದು ಸುಲಭದ ಕೆಲಸವೇ? ವರ್ಣಮಾಲೆ ನಲವತ್ತೊಂಬತ್ತು ಅಕ್ಷರ. ಅದರ ಮೇಲೆ ಕಾಗುಣಿತ. ಅದರ ಮೇಲೆ ಒತ್ತಕ್ಷರ. ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲೇ ಪ್ರಕಟಿಸಿದರು: ನಮ್ಮ ಅಕ್ಷರಗಳು ಮಕ್ಕಳ ಹಿಡಿತಕ್ಕೆ ಸಿಗುವ ಕೆಲಸ ನಾಲ್ಕನೇ ತರಗತಿಯವರೆಗೂ ನಡೆದೇ ಇರುತ್ತದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂದರೆ ಮೂರನೇ ತರಗತಿಯ ಹುಡುಗನ ಕೈ ಇನ್ನೂ ಅರ್ಧ ದಾರಿಯಲ್ಲಿದೆ. ತಲೆ ಎಂದೋ ಊರು ಸೇರಿದೆ. ನಾವು ಕೈಯ ವೇಗ ಅಳೆದು ತಲೆಗೆ ಅಂಕ ಕೊಡುತ್ತಿದ್ದೇವೆ.

ಇದಕ್ಕೆ ಪರಿಹಾರ ಹಳೆಯದು, ಬಿಟ್ಟಿಯದು. ಕಥೆ ಹೇಳಿ, ಅಥವಾ ಓದಿಸಿ. ಆಮೇಲೆ ‘ಈಗ ನೀನು ಹೇಳು’ ಅನ್ನಿ. ಬಾಯಿ ಮುಚ್ಚಿಕೊಂಡು ಕೇಳಿ.

ಕೊನೆಯ ಹೆಜ್ಜೆಯಲ್ಲೇ ನಾವೆಲ್ಲ ಮುಗ್ಗರಿಸುವುದು.

‘ನಮ್ಮಲ್ಲಿ ಮೌಖಿಕ ಪರೀಕ್ಷೆ ಇದೆಯಲ್ಲ’ ಎನ್ನುತ್ತಾರೆ. ಇದೆ. ಅಂಕಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇದೆ. ಲಿಖಿತದಲ್ಲಿ ಚೆನ್ನಾಗಿ ಬಂದವನಿಗೆ ಮೌಖಿಕದಲ್ಲೂ ಚೆನ್ನಾಗಿ ಬರುತ್ತದೆ. ಲಿಖಿತದಲ್ಲಿ ಬಿದ್ದವನು ಮೌಖಿಕದಲ್ಲೂ ಬೀಳುತ್ತಾನೆ. ಎಷ್ಟು ಸೊಗಸಾದ ಹೊಂದಾಣಿಕೆ! ಮಗುವಿನ ಬಾಯಿ ತೆರೆಸದೆಯೇ ಮೌಖಿಕದ ಅಂಕ ತುಂಬುವ ಈ ವಿದ್ಯೆ ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಆದರೂ ಎಲ್ಲರಿಗೂ ಬರುತ್ತದೆ.

‘ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವ ಸ್ಪರ್ಧೆ ಇದೆ’ ಎನ್ನುತ್ತಾರೆ. ಅದೂ ಇದೆ. ಒಂದು ತಿಂಗಳು ಬಾಯಿಪಾಠ. ಎಲ್ಲಿ ಕೈ ಎತ್ತಬೇಕು, ಎಲ್ಲಿ ಕಣ್ಣು ಅರಳಿಸಬೇಕು, ಎಲ್ಲವೂ ನಿಗದಿ. ‘ಇದರಿಂದ ನಮಗೆ ತಿಳಿಯುವ ನೀತಿ ಏನೆಂದರೆ’ ಅಂತ ಮುಗಿಯುತ್ತದೆ. ನಡುವೆ ಒಂದು ವಾಕ್ಯ ಮರೆತರೆ ಮಗು ಮತ್ತೆ ಮೊದಲಿನಿಂದ ಶುರು ಮಾಡುತ್ತದೆ. ಕಥೆ ತಿಳಿದವನು ಒಂದು ವಾಕ್ಯ ಮರೆತರೆ ಮುಂದಕ್ಕೆ ಹಾರುತ್ತಾನೆ. ಬಾಯಿಪಾಠ ಮಾಡಿದವನಿಗೆ ಮಾತ್ರ ಹಿಂದಕ್ಕೆ ಹೋಗದೆ ಗತಿಯಿಲ್ಲ. ಇದೊಂದೇ ಗುರುತು ಸಾಕು. ತೀರ್ಪುಗಾರರು ಮಾತ್ರ ಹಾವಭಾವಕ್ಕೆ ಎಷ್ಟು ಕೊಡಲಿ ಅಂತ ಲೆಕ್ಕ ಹಾಕುತ್ತಿರುತ್ತಾರೆ.

ಕಥೆಗಾರ ಆನಂದರ ಊರಿದು. ಅಜ್ಜಂಪುರ ಸೀತಾರಾಂ. ಅವರ ಊರಿನಲ್ಲಿ ಕಥೆಯೆಂದರೆ ಕೈ ಆಡಿಸುವ ಕಸರತ್ತು.

ಹಾಗಾದರೆ ಪುಣ್ಯಕೋಟಿಯ ಪ್ರಶ್ನೆಗೆ ಉತ್ತರ ಕೂಗಿದ ಹುಡುಗ ಗೆದ್ದನೇ? ಅವಸರ ಬೇಡ. ಅಮೃತಮಹಲ್ ದನ ಸಾಕುವ ಸೀಮೆ ಇದು. ಇಲ್ಲಿ ಪುಣ್ಯಕೋಟಿಯ ಕಥೆ ಗೊತ್ತಿಲ್ಲದ ಮಗು ಯಾವುದು? ಅವನು ಪಾಠ ತಿಳಿದು ಹೇಳಿದನೋ, ಅವನ ಅಜ್ಜಿ ಹೇಳಿದ್ದನ್ನು ಒಪ್ಪಿಸಿದನೋ, ಹೇಗೆ ಗೊತ್ತಾಗಬೇಕು? ಗೊತ್ತಿರುವ ಕಥೆ ಕೊಟ್ಟು ಗ್ರಹಿಕೆ ಪರೀಕ್ಷಿಸುವುದು, ಕಾವಲಿನಲ್ಲಿ ಮೇಯ್ದು ಬಂದ ದನಕ್ಕೆ ಹುಲ್ಲು ಹಾಕಿ ಹಸಿವು ನೋಡಿದ ಹಾಗೆ.

ಅದಕ್ಕೆ ಮಾರನೇ ದಿನ ನಾನೇ ಒಂದು ಹೊಸ ಕಥೆ ಹೊಸೆದುಕೊಂಡು ಹೋದೆ. ಹೀಗಿದೆ:

ಅಜ್ಜಿ ಅಂಗಳದಲ್ಲಿ ಈರುಳ್ಳಿ ಹರವಿದ್ದಳು. ‘ಮೋಡ ಕಂಡರೆ ಟಾರ್ಪಾಲು ಮುಚ್ಚು’ ಅಂತ ಮೊಮ್ಮಗನಿಗೆ ಹೇಳಿ ಹೊಲಕ್ಕೆ ಹೋದಳು. ರೈಲಿನ ಸದ್ದು ಕೇಳಿ ಹುಡುಗ ಸ್ಟೇಷನ್ನಿಗೆ ಓಡಿದ. ಮಳೆ ಹುಯ್ದು ಈರುಳ್ಳಿ ನೆನೆಯಿತು. ಹುಡುಗ ಓಡಿ ಬಂದು ಟಾರ್ಪಾಲು ಮುಚ್ಚಿದ. ಅಜ್ಜಿ ಬಂದು ನೋಡಿ ‘ಜಾಣ ನನ್ನ ಮಗ’ ಅಂದಳು. ಮೂರು ದಿನ ಕಳೆಯಿತು. ಅಂಗಳದಲ್ಲಿ ವಾಸನೆ ಶುರುವಾಯಿತು. ಹುಡುಗ ಅಜ್ಜಿಯ ಮುಖ ನೋಡಲಿಲ್ಲ.

ತಿಳಿಯಬೇಕಾದ ಮುಖ್ಯ ಮಾತನ್ನು ಕಥೆ ಎಲ್ಲೂ ಹೇಳುವುದಿಲ್ಲ. ಈರುಳ್ಳಿ ಕೊಳೆಯಿತು ಅನ್ನುವುದಿಲ್ಲ. ಹುಡುಗ ಮೋಸ ಮಾಡಿದ ಅನ್ನುವುದಿಲ್ಲ. ಅದನ್ನು ಕೇಳಿದವನೇ ಜೋಡಿಸಿಕೊಳ್ಳಬೇಕು. ಕಥೆಯಲ್ಲಿರುವ ಏಳು ಎಳೆಗಳನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡೆ: ಹರವಿದ್ದು, ಹೇಳಿಹೋಗಿದ್ದು, ಓಡಿದ್ದು, ನೆನೆದದ್ದು, ಮುಚ್ಚಿದ್ದು, ಹೊಗಳಿದ್ದು, ವಾಸನೆ ಬಂದದ್ದು. ಎಂಟನೆಯದನ್ನು ಬೇರೆ ಗೆರೆ ಎಳೆದು ಕೆಳಗಿಟ್ಟೆ: ವಾಸನೆ ಯಾಕೆ ಬಂತು.

ತರಗತಿಗೆಲ್ಲ ಒಟ್ಟಿಗೆ ಕಥೆ ಹೇಳಿ, ಅಲ್ಲೇ ಒಬ್ಬೊಬ್ಬರನ್ನು ಎಬ್ಬಿಸಿ ಕೇಳಬಾರದು. ಮೊದಲನೆಯವನು ಹೇಳಿದ್ದನ್ನು ಹತ್ತನೆಯವನು ಒಪ್ಪಿಸುತ್ತಾನೆ. ಜಗಲಿಯ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡೆ. ಮೊದಲೇ ಹೇಳಿದೆ: ‘ಒಂದೇ ಸಲ ಹೇಳ್ತೀನಿ. ಆಮೇಲೆ ನೀನು ಹೇಳಬೇಕು. ಈ ಕಥೆ ಕೇಳೇ ಇಲ್ಲದವರಿಗೆ ಹೇಳೋ ಹಂಗೆ ಹೇಳು.’

ಈ ಕೊನೆಯ ಮಾತು ಮುಖ್ಯ. ಮೇಷ್ಟ್ರಿಗೆ ಕಥೆ ಗೊತ್ತಿದೆ ಅಂತ ಮಗುವಿಗೂ ಗೊತ್ತು. ಗೊತ್ತಿದ್ದವರಿಗೆ ಯಾಕೆ ವಿವರಿಸಬೇಕು ಅಂತ ಅದು ಅರ್ಧಕ್ಕೆ ನಿಲ್ಲಿಸಿದರೆ ಅದರ ತರ್ಕ ಸರಿಯಾಗೇ ಇದೆ.

ನಕ್ಷತ್ರದ ಹುಡುಗಿ ಮೊದಲು ಬಂದಳು. ಏಳಕ್ಕೆ ಏಳು ಎಳೆ. ಕ್ರಮ ತಪ್ಪಲಿಲ್ಲ. ನನ್ನ ಮಾತುಗಳನ್ನೇ ಬಹುಪಾಲು ನನಗೆ ವಾಪಸ್ ಕೊಟ್ಟಳು. ‘ವಾಸನೆ ಯಾಕೆ ಬಂತು?’ ಅಂದೆ. ಸ್ವಲ್ಪ ಯೋಚಿಸಿ ಹೇಳಿದಳು: ‘ಅಡಿಗೆ ಮಾಡ್ತಿದ್ರು ಸಾರ್. ಈರುಳ್ಳಿ ಹಾಕಿ.’

ಕೆಂಪು ಶಾಯಿಯ ಹುಡುಗ ಬಂದ. ಬಾಲದಿಂದ ಶುರು ಮಾಡಿದ: ‘ಈರುಳ್ಳಿ ಎಲ್ಲಾ ಕೊಳ್ತೋಗಿ ವಾಸ್ನೆ ಬಂತು ಸಾ. ಅವ್ನು ನೆಂದ್ಮೇಲೆ ಮುಚ್ಚವ್ನೆ. ಮಳೆ ಬಂದಾಗ ರೈಲ್ ನೋಡಕ್ ಹೋಗಿದ್ದ. ಅಜ್ಜಿಗೆ ಗೊತ್ತಿಲ್ಲ ಪಾಪ, ಜಾಣ ಅಂದ್ಲು.’ ಅಂಗಳದಲ್ಲಿ ಹರವಿದ್ದನ್ನು ಬಿಟ್ಟ. ಅಜ್ಜಿ ಹೇಳಿ ಹೋಗಿದ್ದನ್ನೂ ಬಿಟ್ಟ. ‘ಇನ್ನೇನಾದ್ರೂ?’ ಅಂದೆ. ‘ಹ್ಞಾ, ಮುಚ್ಚು ಅಂತ ಮೊದ್ಲೇ ಹೇಳಿದ್ಲು’ ಅಂತ ಒಂದನ್ನು ಸೇರಿಸಿದ.

ಲೆಕ್ಕ ನೋಡಿ. ಹುಡುಗಿಗೆ ಏಳು, ಎಂಟನೆಯದು ಇಲ್ಲ. ಒಟ್ಟು ಏಳು. ಹುಡುಗನಿಗೆ ಏಳರಲ್ಲಿ ಆರು, ಎಂಟನೆಯದು ಕೇಳದೆಯೇ ಬಂತು. ಒಟ್ಟು ಏಳು. ಸರಿಸಮ! ಎರಡನ್ನೂ ಕೂಡಿಸಿ ಒಂದು ಅಂಕ ಮಾಡಿದ ಕೂಡಲೇ ತಿಳಿದದ್ದೆಲ್ಲ ಮಣ್ಣುಪಾಲು. ನೆನಪು ಬೇರೆ ಕಾಲಂ, ಜೋಡಣೆ ಬೇರೆ ಕಾಲಂ. ತಾನಾಗಿ ಹೇಳಿದ್ದಕ್ಕೊಂದು ಗುರುತು, ಕೇಳಿದ ಮೇಲೆ ಹೇಳಿದ್ದಕ್ಕೆ ಇನ್ನೊಂದು. ಕೂಡಿಸಬೇಡಿ. ಆದರೆ ಕೂಡಿಸದೆ ಇರುವುದು ನಮ್ಮ ಇಲಾಖೆಯ ಜಾಯಮಾನಕ್ಕೇ ಒಗ್ಗದು. ಕೂಡಿಸಿ, ಶೇಕಡಾ ತೆಗೆದು, ದರ್ಜೆ ಹಾಕದಿದ್ದರೆ ಕೆಲವರಿಗೆ ಮಧ್ಯಾಹ್ನದ ಊಟ ಇಳಿಯುವುದಿಲ್ಲ.

ಈ ಸಂಭ್ರಮದಲ್ಲಿ ನಾನೂ ಜಾರಿದೆ. ಹುಡುಗಿಗೆ ಗ್ರಹಿಕೆಯೇ ಇಲ್ಲ ಅಂತ ಮನಸ್ಸಿನಲ್ಲೇ ಷರಾ ಬರೆದುಬಿಟ್ಟಿದ್ದೆ. ಆಮೇಲೆ ವಿಚಾರಿಸಿದರೆ ಅವಳ ಮನೆಯಲ್ಲಿ ಹೊಲವಿಲ್ಲ, ಅಪ್ಪನದು ಬಟ್ಟೆ ಅಂಗಡಿ. ಅವಳಿಗೆ ಈರುಳ್ಳಿ ಎಂದರೆ ಒಗ್ಗರಣೆ. ನೆನೆದ ಈರುಳ್ಳಿಗೆ ಟಾರ್ಪಾಲು ಮುಚ್ಚಿದರೆ ಒಳಗೇ ಬೆಂದು ಕೊಳೆಯುತ್ತದೆ ಅಂತ ಅವಳಿಗೆ ಯಾರು ಹೇಳಬೇಕು? ಹುಡುಗನ ಮನೆಯಲ್ಲಿ ಅದು ಪ್ರತಿ ವರ್ಷದ ಗೋಳು.

ಇನ್ನೊಂದು ಕಥೆ ಮಾಡಿದೆ. ಅಂಗಡಿ, ಚಿಲ್ಲರೆ ಕಾಸು, ಮರೆತುಹೋದ ಒಂದು ಕೊಡೆ. ಅದರಲ್ಲಿ ಹೇಳದೆ ಬಿಟ್ಟಿದ್ದನ್ನು ಹುಡುಗಿ ಮುಕ್ಕಾಲು ಪಾಲು ತಾನೇ ಹಿಡಿದಳು. ಒಂದೇ ಕಥೆಗೆ ತೀರ್ಪು ಕೊಟ್ಟಿದ್ದರೆ ನಾನೂ ಇನ್ನೊಬ್ಬ ಕೆಂಪು ಶಾಯಿಯವನೇ. ಕಡಿಮೆ ಎಂದರೆ ಎರಡು ಕಥೆ, ಎರಡು ಬೇರೆ ಲೋಕದವು.

ಈಗ ಬಾಯಿ ಮುಚ್ಚಿಕೊಳ್ಳುವ ವಿಷಯ. ಷಾರ್ಲೆಟ್ ಮೇಸನ್ ಅನ್ನುವ ಇಂಗ್ಲೆಂಡಿನ ಶಿಕ್ಷಕಿ 1886ರಲ್ಲಿ ಪುಸ್ತಕ ಬರೆದು ಈ ಪದ್ಧತಿಗೆ ಹೆಸರಾದವರು. ಅವರ ಕಟ್ಟಳೆ ಸರಳ: ಒಂದೇ ಸಲ ಓದಿ. ಮಗು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಆರು ವರ್ಷಕ್ಕೆ ಮೊದಲು ಒತ್ತಾಯಿಸಲೇಬೇಡಿ.

ನಮ್ಮವರಿಗೆ ಎರಡನೆಯದು ಪ್ರಾಣಸಂಕಟ. ಮಗು ‘ಉಲಿ’ ಅಂದ ತಕ್ಷಣ ಮೇಷ್ಟ್ರಿಗೆ ಚೇಳು ಕುಟುಕುತ್ತದೆ. ‘ಉಲಿ ಅಲ್ಲ, ಹುಲಿ. ಹೇಳು, ಹು-ಲಿ.’ ಮಗು ಹೇಳುತ್ತದೆ, ಹು-ಲಿ. ಅಷ್ಟರಲ್ಲಿ ಕಥೆಯ ಹುಲಿ ಕಾಡು ಸೇರಿರುತ್ತದೆ. ಇಡೀ ಊರು ‘ಆಲು’ ಕರೆದು ‘ಆಲು’ ಕುಡಿಯುತ್ತದೆ. ಅದೇ ಮೇಷ್ಟ್ರು ಮನೆಗೆ ಹೋಗಿ ಅದನ್ನೇ ಕಾಯಿಸುತ್ತಾರೆ. ಹಕಾರ ತಿದ್ದಲು ವರ್ಷವಿಡೀ ಸಮಯವಿದೆ. ಈ ನಾಲ್ಕು ನಿಮಿಷ ಕಥೆಗೆ ಬಿಡಿ.

ಇನ್ನು ಕೆಲವರ ಉಪಕಾರ ಇನ್ನೂ ಅಪಾಯದ್ದು. ‘ಆಮೇಲೆ ಮಳೆ ಬಂತಾ? ಬಂತು ಅಲ್ವಾ? ಈರುಳ್ಳಿ ನೆ... ನೆ...?’ ‘ನೆನೀತು!’ ‘ಶಭಾಷ್!’ ಇಲ್ಲಿ ಕಥೆ ಹೇಳಿದವರು ಯಾರು? ಮಗು ಬರೀ ತಾಳ ಹಾಕಿದೆ. ಹೇಳುವವನು ನಿಂತರೆ ಮನಸ್ಸಿನಲ್ಲೇ ಹತ್ತು ಎಣಿಸಿ. ಆಮೇಲೂ ಎರಡೇ ಮಾತಿಗೆ ಅನುಮತಿ: ‘ಆಮೇಲೆ?’ ಮತ್ತು ‘ಇನ್ನೇನಾದ್ರೂ?’ ಮಗು ತಾನಾಗಿ ‘ಮುಗೀತು’ ಅಂದ ಮೇಲೆ ‘ಯಾಕೆ’ಗಳನ್ನು ಕೇಳಿ. ಮೊದಲೇ ‘ಯಾಕೆ’ ಕೇಳಿದರೆ ಉತ್ತರದ ಅರ್ಧವನ್ನು ನೀವೇ ಕೈಗಿಟ್ಟಂತೆ.

ಇಷ್ಟಕ್ಕೆ ಮುಗಿಯಲಿಲ್ಲ. ನಾನು ಕಥೆಯನ್ನು ಹೇಳಿದೆ, ಮಗು ಕೇಳಿತು. ಅಂದರೆ ನಾನು ಅಳೆದದ್ದು ಕೇಳಿ ತಿಳಿಯುವ ಶಕ್ತಿಯನ್ನು. ಓದಿ ತಿಳಿಯುವುದನ್ನು ಅಳೆಯಬೇಕಾದರೆ ಅಷ್ಟೇ ಉದ್ದದ, ಅಷ್ಟೇ ಸುಲಭದ ಬೇರೊಂದು ಕಥೆಯನ್ನು ಮಗುವೇ ಓದಬೇಕು, ಓದಿ ಹೇಳಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟಾಗಲೇ ರೋಗ ಗೊತ್ತಾಗುವುದು.

ಕೇಳಿ ಹೇಳುತ್ತಾನೆ, ಓದಿ ಹೇಳಲಾರ: ಅವನ ತೊಡಕು ಅಕ್ಷರದ್ದು. ಕಾಗುಣಿತ ತಿದ್ದಿಸಿ, ಓದಿಸಿ. ಸರಾಗವಾಗಿ ಓದುತ್ತಾನೆ, ಆದರೆ ಓದಿಯೂ ಹೇಳಲಾರ, ಕೇಳಿಯೂ ಹೇಳಲಾರ: ಅವನಿಗೆ ಮತ್ತೆ ಕಾಗುಣಿತ ತಿದ್ದಿಸಿದರೆ ಪುಸ್ತಕ ಸವೆಯುತ್ತದೆ, ಅಷ್ಟೇ. ಅವನಿಗೆ ಬೇಕಾದದ್ದು ಮಾತು, ಕಥೆ, ಪದ, ‘ಯಾಕೆ’. ನಮ್ಮ ಶಾಲೆಗಳಲ್ಲಿ ಮೊದಲನೆಯವನು ದಡ್ಡ, ಎರಡನೆಯವನು ಜಾಣ. ಜಾಣನಿಗೆ ಮೈಕು ಕೊಟ್ಟು ಪ್ರಾರ್ಥನೆಯಲ್ಲಿ ದಿನಪತ್ರಿಕೆ ಓದಿಸುತ್ತೇವೆ. ಅವನು ‘ವಿತ್ತೀಯ ಕೊರತೆ’ ಅಂತ ಗಂಟಲು ಹರಿದುಕೊಳ್ಳುತ್ತಾನೆ. ಚಪ್ಪಾಳೆ.

2005ರಿಂದ ಅಸರ್ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಕ್ಕಳಿಗೆ ಅಕ್ಷರ, ಪದ, ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ ಓದಿಸುತ್ತಿದ್ದಾರೆ. ವರದಿ ಬಂದಾಗ ನಾವು ಒಂದು ವಾರ ಎದೆ ಬಡಿದುಕೊಳ್ಳುತ್ತೇವೆ: ಓದಲು ಬರುವುದಿಲ್ಲವಂತೆ! ಸರಿ. ಓದಲು ಬಂದವರ ಕಥೆ? ಓದಿದ್ದೇನು ಅಂತ ಹೇಳಬಲ್ಲರೇ? ಅದನ್ನು ಮನೆಯಲ್ಲಿ ಯಾವ ತಂದೆ, ಯಾವ ತಾಯಿ ಕೇಳಿದ್ದಾರೆ? ‘ಹೋಂವರ್ಕ್ ಆಯ್ತಾ?’ ‘ಆಯ್ತು.’ ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು.

ಈ ಪದ್ಧತಿಗೂ ಮಿತಿಯಿದೆ. ಅದನ್ನು ಬಚ್ಚಿಟ್ಟರೆ ನಾನೂ ಕಳ್ಳನೇ. ಕಡೂರು, ತರೀಕೆರೆ, ಅಜ್ಜಂಪುರದ ಸುತ್ತ ಲಂಬಾಣಿ ತಾಂಡಾಗಳಿವೆ. ಅಲ್ಲಿಂದ ಬಂದ ಮಗು ಕನ್ನಡದ ಕಥೆ ತಿಳಿದುಕೊಂಡೂ ಕನ್ನಡದಲ್ಲಿ ಹೇಳಲಾರದೆ ಮೂರು ಮಾತಿಗೆ ಸುಮ್ಮನಾಗಬಹುದು. ಅದು ಬಾಯಿಯ ಕೊರತೆ, ಬುದ್ಧಿಯದ್ದಲ್ಲ. ಅದರ ಭಾಷೆಯಲ್ಲೇ ಹೇಳಲು ಬಿಡಿ. ನಿಮಗೆ ತಿಳಿಯದಿದ್ದರೆ ಮೇಲಿನ ತರಗತಿಯ ತಾಂಡಾದ ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇನ್ನು ಹೊಸಬರ ಮುಂದೆ ಬಾಯಿ ಬಿಡದ ಮಕ್ಕಳಿರುತ್ತಾರೆ. ಅವರಿಗೆ ಐದು ಚಿತ್ರ ಕೊಟ್ಟು ಕ್ರಮವಾಗಿ ಜೋಡಿಸಲು ಹೇಳಿ, ಇಲ್ಲವೇ ಕಲ್ಲು ಕಡ್ಡಿ ಇಟ್ಟು ಆಡಿ ತೋರಿಸಲು ಬಿಡಿ. ಮೌನಕ್ಕೆ ಸೊನ್ನೆ ಹಾಕುವ ಮೊದಲು ಮೌನದ ಕಾರಣ ಕೇಳಿ.

‘ಎಲ್ಲಾ ಸರಿ ಸಾರ್, ಟೈಮ್ ಎಲ್ಲಿದೆ?’ ಇದು ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ.

ಒಂದು ಮಗುವಿಗೆ ನಾಲ್ಕೈದು ನಿಮಿಷ. ದಿನಕ್ಕೆ ಮೂವರು. ಮೂವತ್ತು ಮಕ್ಕಳ ತರಗತಿ ಹತ್ತು ಶಾಲಾ ದಿನದಲ್ಲಿ ಮುಗಿಯಿತು. ದಿನಕ್ಕೆ ಕಾಲು ಗಂಟೆ. ಮೊಟ್ಟೆ, ಹಾಲು, ಸಮವಸ್ತ್ರ, ಶೂ, ಆಧಾರ್, ಆನ್‌ಲೈನ್ ಎಂಟ್ರಿ, ಇವುಗಳಲ್ಲೇ ಮೇಷ್ಟ್ರು ಕಳೆದುಹೋಗುತ್ತಾರೆ, ಒಪ್ಪಿದೆ. ಮಗುವಿನ ಬಗ್ಗೆ ಎಲ್ಲವನ್ನೂ ತುಂಬಿಸಿಕೊಳ್ಳುವ ಕಂಪ್ಯೂಟರು, ಮಗುವನ್ನು ಮಾತಾಡಿಸಲು ಮಾತ್ರ ಮೇಷ್ಟ್ರಿಗೆ ಪುರುಸೊತ್ತು ಕೊಡುವುದಿಲ್ಲ. ಆದರೆ ಒಂದು ಪ್ರಶ್ನೆ. ಆ ಮೂವತ್ತು ನೋಟ್‌ಬುಕ್‌ಗಳಲ್ಲಿ ನಿಮ್ಮದೇ ಉತ್ತರವನ್ನು ಮೂವತ್ತು ಸಲ ತಿದ್ದಲು ಎಷ್ಟು ಹೊತ್ತು ಹಿಡಿಯುತ್ತದೆ? ಅದರಿಂದ ನಿಮಗೆ ಗೊತ್ತಾದ ಹೊಸ ವಿಷಯ ಏನು? ನಿಮಗೆ ಉತ್ತರ ಗೊತ್ತಿದೆ ಅಂತ ನಿಮಗೆ ಮೊದಲೇ ಗೊತ್ತಿತ್ತಲ್ಲ?

ಪೋಷಕರೂ ಕಡಿಮೆಯಿಲ್ಲ. ಆ ಶಾಲೆಯ ಮೇಡಂ ಒಬ್ಬರು ಪ್ರಯತ್ನಪಟ್ಟರು. ಒಂದು ವಾರ ನೋಟ್ಸ್ ಬಿಟ್ಟು ಮಕ್ಕಳಿಂದ ಕಥೆ ಹೇಳಿಸಿದರು. ಐದನೇ ದಿನ ಒಬ್ಬ ತಂದೆ ಬಂದು ನಿಂತ. ‘ಮೇಡಂ, ಪುಸ್ತಕದಲ್ಲಿ ಏನೂ ಬರ್ಸಿಲ್ವಲ್ಲ. ಬರೀ ಕಥೆ ಹೇಳ್ಸಕ್ಕೆ ಸ್ಕೂಲಿಗ್ ಕಳಿಸ್ಬೇಕಾ?’ ಅದೇ ತಂದೆಗೆ ಸಂಜೆ ಮಗ ಈರುಳ್ಳಿ ಕಥೆ ಹೇಳಿದ್ದಾನೆ. ಕೇಳಿ ನಕ್ಕನಂತೆ. ಮಾರನೇ ದಿನ ಮತ್ತೆ ಬಂದು ನೋಟ್ಸ್ ಕೇಳಿದನಂತೆ.

ಮೇಡಂ ಸೋತರು. ಬೋರ್ಡ್ ತುಂಬಿತು. ಮಕ್ಕಳು ನಕಲು ಮಾಡಿದರು. ಪರಿಶೀಲನೆಗೆ ಬಂದವರು ನೋಟ್‌ಬುಕ್ ತಿರುವಿ, ಕೆಂಪು ಶಾಯಿ ನೋಡಿ, ತೃಪ್ತಿಯಿಂದ ಸಹಿ ಹಾಕಿ ಹೋದರು. ಅಂಗಳ ಅಚ್ಚುಕಟ್ಟಾಗಿ ಮುಚ್ಚಿತ್ತು. ಜಾಣ ನನ್ನ ಮಗ.

ಕೆಂಪು ಶಾಯಿಯ ಹುಡುಗ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ‘ಸಾ, ಆಮೇಲೆ ಅಜ್ಜಿಗೆ ಗೊತ್ತಾಯ್ತಾ?’ ಅಂತ ಕೇಳಿದ.

‘ವಾಸನೆ ಬಂದ್ಮೇಲೆ ಗೊತ್ತಾಗ್ದೆ ಇರುತ್ತೇನೋ?’ ಅಂದೆ.

‘ಮೂಗು ಕಟ್ಟಿದ್ರೆ?’ ಅಂದ.

ಹತ್ತಕ್ಕೆ ಎರಡು ಅಂಕದ ಹುಡುಗ.